ಗದಗದ ಕಪಾಟಿನಲ್ಲಿರುವ ಸೀರೆಗೆ ಲಾಭ ಬಂದಿಲ್ಲ: ಇನ್‌ವಾಯ್ಸ್ ದರದ ಬ್ರಾಂಚ್ ಲೆಕ್ಕ ಬರೆಯುವ ಕ್ರಮ

ಹುಬ್ಬಳ್ಳಿಯ ಒಂದು ಸೀರೆ ಅಂಗಡಿಗೆ ಗದಗದಲ್ಲಿ ಬ್ರಾಂಚ್ ಇದೆ ಅನ್ನಿ. ಹೆಡ್ ಆಫೀಸಿಗೆ 800 ರೂಪಾಯಿ ಅಸಲು ಬಿದ್ದ ಸೀರೆಗೆ 1,000 ರೂಪಾಯಿ ಇನ್‌ವಾಯ್ಸ್ ದರ ಹಾಕಿ ಗದಗಕ್ಕೆ ಕಳಿಸುತ್ತಾರೆ. ಆ ಸೀರೆ ಗಿರಾಕಿಯ ಕೈಗೆ ಹೋದ ದಿನ 200 ರೂಪಾಯಿ ಲಾಭ. ಮಾರ್ಚ್ 31ರ ರಾತ್ರಿ ಅದು ಗದಗದ ಕಪಾಟಿನಲ್ಲೇ ಇದ್ದರೆ ಆ 200 ರೂಪಾಯಿ ಲಾಭವಲ್ಲ. ಮಾಲೀಕರು ತಮ್ಮದೇ ಸರಕಿಗೆ ತಾವೇ ಅಂಟಿಸಿದ ಅಂಕಿ ಅದು. ಇದನ್ನು ಕೈಸೇರದ ಲಾಭ ಎನ್ನುತ್ತಾರೆ. ವರ್ಷದ ಕೊನೆಗೆ ಇದನ್ನು ತೆಗೆದಿಡುವ ಖಾತೆಗೆ ಸ್ಟಾಕ್ ರಿಸರ್ವ್ ಎಂದು ಹೆಸರು.

ಇಲ್ಲಿ ಹೇಳುತ್ತಿರುವುದು ಹೆಡ್ ಆಫೀಸೇ ಪೂರ್ತಿ ಲೆಕ್ಕ ಇಡುವ ಬ್ರಾಂಚ್ ಬಗ್ಗೆ. ಗದಗದವರು ದಿನದ ಬಿಲ್ಲು, ಉದ್ರಿ ಪಟ್ಟಿ, ಸ್ಟಾಕ್ ಪುಸ್ತಕ ಇಟ್ಟರೆ ಸಾಕು, ಖಾತೆಗಳೆಲ್ಲ ಹುಬ್ಬಳ್ಳಿಯಲ್ಲಿ. ಇದಕ್ಕೆ ಸ್ಟಾಕ್ ಮತ್ತು ಡೆಟರ್ಸ್ ಪದ್ಧತಿ ಹಿಡಿಯುವುದು ಒಳ್ಳೆಯದು. ಒಂದೇ ಬ್ರಾಂಚ್ ಖಾತೆಯಲ್ಲಿ ಎಲ್ಲವನ್ನೂ ತುಂಬುವ ಡೆಟರ್ಸ್ ಪದ್ಧತಿಯಲ್ಲೂ ಲಾಭ ಅಷ್ಟೇ ಬರುತ್ತದೆ. ಆದರೆ ಸರಕು ಕಡಿಮೆ ಬಿದ್ದದ್ದು ಅಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಮೊದಲು: ಶೇಕಡಾ ಯಾವುದರ ಮೇಲೆ?

ಅಸಲಿನ ಮೇಲೆ ಹೆಚ್ಚಿಗೆ ಹಾಕಿದ ಮೊತ್ತಕ್ಕೆ ಲೋಡಿಂಗ್ ಎನ್ನುತ್ತಾರೆ. ಹುಬ್ಬಳ್ಳಿಯವರು ಹೇಳುವುದು "ಅಸಲಿನ ಮೇಲೆ 25% ಹಾಕಿದೀವಿ" ಎಂದು. ಆದರೆ ಬ್ರಾಂಚಿನ ಕಾಗದಗಳಲ್ಲಿ ಅಸಲು ಎಲ್ಲೂ ಕಾಣುವುದಿಲ್ಲ, ಇರುವುದೆಲ್ಲ ಇನ್‌ವಾಯ್ಸ್ ದರವೇ. ಹಾಗಾಗಿ ಕೆಲಸ ಶುರು ಮಾಡುವ ಮುಂಚೆ ಅಸಲಿನ ಮೇಲಿನ ಶೇಕಡಾವನ್ನು ಇನ್‌ವಾಯ್ಸ್ ಮೇಲಿನ ಭಾಗವಾಗಿ ಬದಲಿಸಿಕೊಳ್ಳಬೇಕು. ಅಸಲು 100, ಲೋಡಿಂಗ್ 25, ಇನ್‌ವಾಯ್ಸ್ 125. 125ರಲ್ಲಿ 25 ಎಂದರೆ ಐದನೇ ಒಂದು ಭಾಗ, ಅಂದರೆ 20%. ಅಸಲಿನ ಮೇಲೆ 33⅓% ಹಾಕಿದ್ದರೆ ಇನ್‌ವಾಯ್ಸಿನ ನಾಲ್ಕನೇ ಒಂದು ಭಾಗ. ಅಸಲಿನ ಮೇಲೆ 20% ಆದರೆ ಆರನೇ ಒಂದು ಭಾಗ.

ಪರೀಕ್ಷೆಯಲ್ಲೂ ಅಂಗಡಿಯಲ್ಲೂ ಹೆಚ್ಚು ಜನ ಎಡವುವುದು ಇಲ್ಲೇ. ಇನ್‌ವಾಯ್ಸ್ ದರದ ಸ್ಟಾಕಿಗೆ ನೇರವಾಗಿ 25% ಹಾಕಿಬಿಡುತ್ತಾರೆ. 8,50,000 ರೂಪಾಯಿ ಸ್ಟಾಕಿನಲ್ಲಿ ಲೋಡಿಂಗ್ ಇರುವುದು 1,70,000. 25% ಹಾಕಿದರೆ 2,12,500 ಆಗಿ, ಕೊನೆಯ ಸ್ಟಾಕ್ ಒಂದರಿಂದಲೇ ಆ ವರ್ಷದ ಲಾಭ 42,500 ಕಡಿಮೆ ಕಾಣುತ್ತದೆ. ಭಾಗವನ್ನು ಲೆಕ್ಕದ ಹಾಳೆಯ ತಲೆಗೇ ಬರೆದಿಡಿ: "ಲೋಡಿಂಗ್ = ಇನ್‌ವಾಯ್ಸ್ ÷ 5". ಮುಂದೆ ಎಲ್ಲ ಕಡೆಯೂ ಅದೊಂದನ್ನೇ ಬಳಸಿ.

ಲೆಕ್ಕಕ್ಕೆ ತೆಗೆದುಕೊಂಡ ಅಂಕಿಗಳು

2024-25ನೇ ಸಾಲು. ಏಪ್ರಿಲ್ 1ಕ್ಕೆ ಗದಗದಲ್ಲಿದ್ದ ಸ್ಟಾಕ್ ಇನ್‌ವಾಯ್ಸ್ ದರದಲ್ಲಿ 5,00,000. ವರ್ಷದಲ್ಲಿ ಹುಬ್ಬಳ್ಳಿಯಿಂದ ಕಳಿಸಿದ್ದು 40,00,000. ಗದಗದಿಂದ ವಾಪಸ್ ಬಂದದ್ದು 1,00,000. ನಗದು ಮಾರಾಟ 22,50,000, ಉದ್ರಿ ಮಾರಾಟ 13,00,000. ಮಾರ್ಚ್ 31ಕ್ಕೆ ಎಣಿಸಿದಾಗ ಕಪಾಟಿನಲ್ಲಿದ್ದದ್ದು 6,50,000. ಬ್ರಾಂಚಿನ ಬಾಡಿಗೆ 1,80,000, ಪಗಾರ 3,00,000, ಕರೆಂಟು ಮತ್ತು ಇತರೆ ಖರ್ಚು 50,000.

ಇನ್ನೆರಡು ಸಂಗತಿಗಳಿವೆ. ಮದುವೆ ಸೀಸನ್ನಿನಲ್ಲಿ ಕೆಲವು ಸೀರೆಗಳು ಚೀಟಿಯ ದರಕ್ಕಿಂತ, ಅಂದರೆ ಇನ್‌ವಾಯ್ಸ್ ದರಕ್ಕಿಂತ, ಹೆಚ್ಚಿಗೆ ಹೋಗಿವೆ, ಅದರಿಂದ ಬಂದ ಹೆಚ್ಚುವರಿ 30,000. ಮತ್ತೆ, ಮಾರ್ಚ್ 29ರ ಶನಿವಾರ ಸಂಜೆ ಹುಬ್ಬಳ್ಳಿಯಲ್ಲಿ ಪಾರ್ಸಲ್ ಹಾಕಿದ 2,00,000 ರೂಪಾಯಿಯ ಮಾಲು, ಭಾನುವಾರ ಯುಗಾದಿ, ಸೋಮವಾರ ರಮ್ಜಾನ್ ಇದ್ದದ್ದರಿಂದ, ಗದಗ ಮುಟ್ಟಿದ್ದು ಏಪ್ರಿಲ್ 1ಕ್ಕೆ. ಇದು ಮೇಲಿನ 40,00,000ದಲ್ಲೇ ಸೇರಿದೆ.

ಬ್ರಾಂಚ್ ಸ್ಟಾಕ್ ಖಾತೆ: ಎಲ್ಲವೂ ಇನ್‌ವಾಯ್ಸ್ ದರದಲ್ಲೇ

ಈ ಖಾತೆಯೊಳಗೆ ಅಸಲು ದರದ ಒಂದು ಅಂಕಿಯೂ ಬರಕೂಡದು. ಬಂದರೆ ಖಾತೆ ತಾಳೆಯಾಗದೆ, ಆ ವ್ಯತ್ಯಾಸ ಕಳ್ಳತನವೋ ಬರವಣಿಗೆಯ ತಪ್ಪೋ ಎಂದು ಹೇಳಲಾಗುವುದಿಲ್ಲ.

ಸರಕು ಕಳಿಸಿದಾಗ ಬ್ರಾಂಚ್ ಸ್ಟಾಕ್ ಖಾತೆಗೆ 40,00,000 ಡೆಬಿಟ್, "ಬ್ರಾಂಚಿಗೆ ಕಳಿಸಿದ ಸರಕು" ಖಾತೆಗೆ ಕ್ರೆಡಿಟ್. ವಾಪಸ್ ಬಂದ 1,00,000ಕ್ಕೆ ಇದರ ತಿರುವು. ನಗದು ಮಾರಾಟಕ್ಕೆ ಬ್ಯಾಂಕ್ ಅಥವಾ ನಗದು ಖಾತೆ ಡೆಬಿಟ್, ಉದ್ರಿಗೆ ಬ್ರಾಂಚ್ ಡೆಟರ್ಸ್ ಡೆಬಿಟ್, ಎರಡಕ್ಕೂ ಬ್ರಾಂಚ್ ಸ್ಟಾಕ್ ಕ್ರೆಡಿಟ್. ದಾರಿಯಲ್ಲಿರುವ 2,00,000ವನ್ನು ಮಾರ್ಚ್ 31ರ ತಾರೀಖಿಗೆ "ದಾರಿಯಲ್ಲಿರುವ ಸರಕು" ಖಾತೆಗೆ ಡೆಬಿಟ್ ಹಾಕಿ ಬ್ರಾಂಚ್ ಸ್ಟಾಕಿನಿಂದ ತೆಗೆಯಬೇಕು. ಗದಗದವರು ಎಣಿಸುವಾಗ ಆ ಗಂಟು ಅವರ ಮುಂದಿರಲಿಲ್ಲ. ಇದನ್ನು ತೆಗೆಯದಿದ್ದರೆ ಬ್ರಾಂಚಿನ ಹುಡುಗರ ಮೇಲೆ 2,00,000 ರೂಪಾಯಿಯ ಸುಳ್ಳು ಕೊರತೆ ಬೀಳುತ್ತದೆ.

ಈಗ ಆ ಹೆಚ್ಚುವರಿ 30,000. ಮಾರಾಟದ ಅಂಕಿ ಗಿರಾಕಿ ಕೊಟ್ಟ ಹಣ. ಕಪಾಟಿನಿಂದ ಇಳಿದದ್ದು ಚೀಟಿಯ ದರದ ಸರಕು. 35,50,000 ಮಾರಾಟವಾಗಿದ್ದರೂ ಇನ್‌ವಾಯ್ಸ್ ದರದಲ್ಲಿ ಹೊರಗೆ ಹೋದದ್ದು 35,20,000 ಮಾತ್ರ. ಈ ಅಂತರವನ್ನು ಬ್ರಾಂಚ್ ಸ್ಟಾಕಿಗೆ ಡೆಬಿಟ್, ಲೋಡಿಂಗ್ ತೆಗೆಯಲು ಇಡುವ ಬ್ರಾಂಚ್ ಅಡ್ಜಸ್ಟ್‌ಮೆಂಟ್ ಖಾತೆಗೆ ಕ್ರೆಡಿಟ್ ಹಾಕಬೇಕು. ಆಮೇಲೆ ಖಾತೆ ಹೀಗೆ ನಿಲ್ಲುತ್ತದೆ:

| ಡೆಬಿಟ್ | ರೂ. | ಕ್ರೆಡಿಟ್ | ರೂ. |
|---|---|---|---|
| ಆರಂಭದ ಸ್ಟಾಕ್ | 5,00,000 | ವಾಪಸ್ ಸರಕು | 1,00,000 |
| ಕಳಿಸಿದ ಸರಕು | 40,00,000 | ನಗದು ಮಾರಾಟ | 22,50,000 |
| ಹೆಚ್ಚುವರಿ ದರ | 30,000 | ಉದ್ರಿ ಮಾರಾಟ | 13,00,000 |
| | | ದಾರಿಯಲ್ಲಿರುವ ಸರಕು | 2,00,000 |
| | | ಕೊರತೆ | 30,000 |
| | | ಕೊನೆಯ ಸ್ಟಾಕ್ | 6,50,000 |
| ಒಟ್ಟು | 45,30,000 | ಒಟ್ಟು | 45,30,000 |

ಕೊರತೆಯ 30,000 ಯಾರೂ ಬರೆದುಕೊಟ್ಟ ಅಂಕಿಯಲ್ಲ. ಪುಸ್ತಕದ ಪ್ರಕಾರ 6,80,000 ಇರಬೇಕಿತ್ತು, ಎಣಿಕೆಗೆ ಸಿಕ್ಕಿದ್ದು 6,50,000. ಇನ್‌ವಾಯ್ಸ್ ದರದ ಪದ್ಧತಿ ಇಡುವುದೇ ಈ ಒಂದು ಅಂಕಿ ಹೊರಗೆ ಬರಲಿ ಎಂದು.

ಇದೇ ಜಾಗದಲ್ಲಿ ಸ್ವಲ್ಪ ನಿಲ್ಲಿ. ಹೆಚ್ಚುವರಿ ದರದ ನಮೂದನ್ನು ಬಿಟ್ಟುಬಿಟ್ಟಿದ್ದರೆ ಏನಾಗುತ್ತಿತ್ತು? ಡೆಬಿಟ್ 45,00,000, ಕ್ರೆಡಿಟ್ ಕಡೆ ಸ್ಟಾಕ್ ಬಿಟ್ಟು 38,50,000, ಉಳಿಯುವುದು 6,50,000. ಎಣಿಕೆಯೂ 6,50,000. ಖಾತೆ ಪೈಸೆಗೆ ಪೈಸೆ ತಾಳೆ. ಒಟ್ಟು ಲಾಭ 7,10,000 ಬರುತ್ತದೆ, ಅದು 35,50,000 ಮಾರಾಟದ ಸರಿಯಾಗಿ 20%. ಖರ್ಚು 5,30,000 ಕಳೆದರೆ ನಿವ್ವಳ ಲಾಭ 1,80,000. ಮುಂದೆ ನೋಡುವಂತೆ ಸರಿಯಾಗಿ ಬರೆದರೂ ನಿವ್ವಳ ಲಾಭ ಅಷ್ಟೇ. ಅಂದರೆ 30,000 ರೂಪಾಯಿ ದರದ ಸೀರೆಗಳು ಅಂಗಡಿಯಿಂದ ಮಾಯವಾಗಿದ್ದರೂ ಟ್ರಯಲ್ ಬ್ಯಾಲೆನ್ಸ್, ಲಾಭದ ಶೇಕಡಾ, ಸ್ಟಾಕ್ ಎಣಿಕೆ ಯಾವುದರಲ್ಲೂ ಸುಳಿವು ಸಿಗುವುದಿಲ್ಲ. ಗಿರಾಕಿಗಳಿಂದ ಬಂದ ಹೆಚ್ಚಿನ ಹಣವೇ ಕೊರತೆಯನ್ನು ಮುಚ್ಚಿಹಾಕಿರುತ್ತದೆ.

ಇದಕ್ಕೆ ಉಪಾಯ ಖಾತೆಯಲ್ಲಿಲ್ಲ, ಬಿಲ್ ಪುಸ್ತಕದಲ್ಲಿದೆ. ಬಿಲ್ಲಿನಲ್ಲಿ ಎರಡು ಕಾಲಂ ಇರಲಿ, ಒಂದು ಚೀಟಿಯ ದರ, ಇನ್ನೊಂದು ಗಿರಾಕಿ ಕೊಟ್ಟ ದರ. ವಾರಕ್ಕೊಮ್ಮೆ ಎರಡರ ಮೊತ್ತವನ್ನೂ ಹುಬ್ಬಳ್ಳಿಗೆ ತರಿಸಿಕೊಳ್ಳಿ. ಚೀಟಿಗಿಂತ ಕಡಿಮೆ ದರಕ್ಕೆ ಕೊಟ್ಟಿದ್ದರೂ ಇದೇ ಕಾಲಂ ಹೇಳುತ್ತದೆ. ಆಗ ನಮೂದು ತಿರುವು, ಅಡ್ಜಸ್ಟ್‌ಮೆಂಟ್ ಡೆಬಿಟ್, ಬ್ರಾಂಚ್ ಸ್ಟಾಕ್ ಕ್ರೆಡಿಟ್. ಹೆಚ್ಚು ಕಡಿಮೆ ಎರಡನ್ನೂ ಕಳೆದು ಒಂದೇ ಅಂಕಿ ಕಳಿಸಲು ಬ್ರಾಂಚಿಗೆ ಬಿಡಬೇಡಿ. ರಿಯಾಯಿತಿ ಕೊಡುವ ಅಧಿಕಾರ ಯಾರಿಗಿತ್ತು ಎಂದು ಕೇಳಬೇಕಾದಾಗ ಬಿಡಿ ಅಂಕಿಗಳೇ ಬೇಕು.

ಲೋಡಿಂಗ್ ತೆಗೆಯುವುದು: ಬ್ರಾಂಚ್ ಅಡ್ಜಸ್ಟ್‌ಮೆಂಟ್ ಖಾತೆ

ಇಲ್ಲಿಗೆ ಬರುವುದು ಲೋಡಿಂಗ್ ಮತ್ತು ದರದ ವ್ಯತ್ಯಾಸ ಮಾತ್ರ. ಕ್ರೆಡಿಟ್ ಕಡೆಗೆ ಮೊದಲು ಹೋದ ವರ್ಷದ ಸ್ಟಾಕ್ ರಿಸರ್ವ್. ಆರಂಭದ 5,00,000 ಸ್ಟಾಕಿನಲ್ಲಿದ್ದ 1,00,000 ರೂಪಾಯಿ ಲೋಡಿಂಗನ್ನು ಕಳೆದ ಮಾರ್ಚಿನಲ್ಲಿ ತಡೆದಿಟ್ಟಿದ್ದೆವು. ಆ ಸೀರೆಗಳು ಈ ವರ್ಷ ಮಾರಾಟಕ್ಕೆ ಬಂದವು, ಆದ್ದರಿಂದ ಸ್ಟಾಕ್ ರಿಸರ್ವ್ ಡೆಬಿಟ್ ಮಾಡಿ ಅದನ್ನು ಬಿಡಿಸಬೇಕು. ಎರಡನೆಯದು ಈ ವರ್ಷ ಕಳಿಸಿದ ಸರಕಿನ ಲೋಡಿಂಗ್. 40,00,000ದಲ್ಲಿ ವಾಪಸ್ ಬಂದ 1,00,000 ಕಳೆದು 39,00,000, ಅದರ ಐದನೇ ಒಂದು ಭಾಗ 7,80,000. ಇದನ್ನು "ಬ್ರಾಂಚಿಗೆ ಕಳಿಸಿದ ಸರಕು" ಖಾತೆಗೆ ಡೆಬಿಟ್ ಹಾಕಿದರೆ ಆ ಖಾತೆಯಲ್ಲಿ ಉಳಿಯುವುದು ಅಸಲಾದ 31,20,000. ಅದು ಹೆಡ್ ಆಫೀಸಿನ ಟ್ರೇಡಿಂಗ್ ಖಾತೆಗೆ ಹೋಗುತ್ತದೆ. ಮೂರನೆಯದು ಹೆಚ್ಚುವರಿ ದರದ 30,000.

ಡೆಬಿಟ್ ಕಡೆಗೆ ಬರುವುದು ಇನ್ನೂ ಮಾರಾಟವಾಗದ ಸರಕಿನ ಲೋಡಿಂಗ್. ಕಪಾಟಿನ 6,50,000ಕ್ಕೆ 1,30,000, ದಾರಿಯಲ್ಲಿದ್ದ 2,00,000ಕ್ಕೆ 40,000. ದಾರಿಯ ಸರಕನ್ನು ಮರೆಯುವವರು ಬಹಳ. ಅದು ಗದಗದ ಸ್ಟಾಕ್ ಪಟ್ಟಿಯಲ್ಲಿಲ್ಲ, ಹುಬ್ಬಳ್ಳಿಯ ಗೋದಾಮಿನ ಪಟ್ಟಿಯಲ್ಲೂ ಇಲ್ಲ. ಆದರೆ ಅದರ ಲೋಡಿಂಗ್ ಮೇಲಿನ 7,80,000ದಲ್ಲಿ ಆಗಲೇ ಕ್ರೆಡಿಟ್ ಆಗಿ ಕೂತಿದೆ. ತೆಗೆಯದಿದ್ದರೆ ಲಾರಿಯಲ್ಲಿದ್ದ ಗಂಟಿನ ಮೇಲೆ 40,000 ಲಾಭ ತೋರಿಸಿದಂತಾಗುತ್ತದೆ. ಮಾರ್ಚ್ ಕೊನೆಯ ವಾರದ ಚಲನ್‌ಗಳನ್ನೂ ಗದಗದಿಂದ ಬಂದ ಸ್ವೀಕೃತಿಗಳನ್ನೂ ಎದುರುಬದುರು ಇಟ್ಟು ನೋಡುವುದೊಂದೇ ಇದನ್ನು ಹಿಡಿಯುವ ದಾರಿ.

ಕೊರತೆಯ 30,000ವನ್ನು ಎರಡಾಗಿ ಒಡೆಯಬೇಕು. ಮಾಲೀಕರಿಗೆ ನಿಜವಾಗಿ ಹೋದದ್ದು ಅಸಲು 24,000, ಅದು ಬ್ರಾಂಚ್ ಲಾಭ-ನಷ್ಟ ಖಾತೆಗೆ. ಉಳಿದ 6,000 ಬರೀ ಲೋಡಿಂಗ್, ಅದು ಅಡ್ಜಸ್ಟ್‌ಮೆಂಟ್ ಖಾತೆಗೆ ಡೆಬಿಟ್. ಪೂರ್ತಿ 30,000ವನ್ನು ನಷ್ಟ ಎಂದು ಬರೆದರೆ, ಗಳಿಸದೇ ಇದ್ದ ಲಾಭವನ್ನೂ ಕಳೆದುಕೊಂಡೆವು ಎಂದಂತೆ. ಸೀರೆ ಒಣಗಿ ತೂಕ ಇಳಿಯುವ ಮಾಲಲ್ಲ, ಹಾಗಾಗಿ ಇಲ್ಲಿನ ಕೊರತೆಯನ್ನು ಅಸಹಜ ನಷ್ಟವೆಂದೇ ಹಿಡಿದಿದ್ದೇವೆ. ಬ್ಯಾಡಗಿ ಮೆಣಸಿನಕಾಯಿ ಇದ್ದರೆ ಮಾತು ಬೇರೆ: ತೇವ ಆರಿ ತೂಕ ಇಳಿಯುವುದು ಆ ವ್ಯಾಪಾರದ ಸಹಜ ಗುಣ. ಅಂಥ ಸಹಜ ನಷ್ಟವನ್ನು ಇನ್‌ವಾಯ್ಸ್ ದರದಲ್ಲಿ ಪೂರ್ತಿಯಾಗಿ ಅಡ್ಜಸ್ಟ್‌ಮೆಂಟ್ ಖಾತೆಗೇ ಹಾಕಬಹುದು, ಒಟ್ಟು ಲಾಭ ಅಷ್ಟು ಕಡಿಮೆಯಾಗುತ್ತದೆ.

ಈಗ ಮೊತ್ತ. ಕ್ರೆಡಿಟ್ 1,00,000, 7,80,000, 30,000 ಸೇರಿ 9,10,000. ಡೆಬಿಟ್ 1,30,000, 40,000, 6,000 ಸೇರಿ 1,76,000. ಉಳಿದ 7,34,000 ಬ್ರಾಂಚಿನ ಒಟ್ಟು ಲಾಭ. ಇದರಲ್ಲಿ ಕೊರತೆಯ 24,000, ಖರ್ಚಿನ 5,30,000 ಕಳೆದರೆ ನಿವ್ವಳ ಲಾಭ 1,80,000.

ಬಂದ ಲಾಭ ಸರಿಯೇ ಎಂದು ನೋಡುವುದು

ಒಂದು ಬಿಡಿ ಹಾಳೆಯಲ್ಲಿ ಎಲ್ಲವನ್ನೂ ಅಸಲಿನಲ್ಲಿ ಬರೆಯಿರಿ. ಆರಂಭದ ಸ್ಟಾಕ್ 4,00,000, ನಿಜವಾಗಿ ಕಳಿಸಿದ್ದು 31,20,000, ಒಟ್ಟು 35,20,000. ಕಪಾಟಿನಲ್ಲಿ 5,20,000, ದಾರಿಯಲ್ಲಿ 1,60,000, ಕಳೆದುಹೋದದ್ದು 24,000. ಇವನ್ನೆಲ್ಲ ಕಳೆದರೆ ಮಾರಿದ ಸರಕಿನ ಅಸಲು 28,16,000. ಮಾರಾಟ 35,50,000ದಿಂದ ಇದನ್ನು ಕಳೆದರೆ 7,34,000. ಎರಡು ದಾರಿಯಿಂದಲೂ ಒಂದೇ ಅಂಕಿ ಬಂದರೆ ಲೋಡಿಂಗ್ ತೆಗೆದದ್ದು ಸರಿ. ಕಾಲು ಗಂಟೆಯ ಕೆಲಸ, ಬಿಡಬೇಡಿ.

ತಾಳೆಯಾಗದಿದ್ದರೆ ಒಟ್ಟು ಲಾಭದ ಶೇಕಡಾವೇ ತಪ್ಪಿನ ಜಾಗ ತೋರಿಸುತ್ತದೆ. ಸರಿಯಾದ ಲೆಕ್ಕದಲ್ಲಿ ಅದು ಮಾರಾಟದ 20.7% ಇದೆ, 20ಕ್ಕಿಂತ ಮೇಲೆ ಇರುವುದು ಹೆಚ್ಚುವರಿ ದರದಿಂದ. ಕೊನೆಯ ರಿಸರ್ವ್ 1,70,000 ಮರೆತರೆ ಲಾಭ 9,04,000 ಆಗಿ 25.5%ಗೆ ಏರುತ್ತದೆ. ಅಸಲಿನ ಮೇಲೆ 25% ಹಾಕಿ ಹೆಚ್ಚಿನ ಸೀರೆಗಳನ್ನು ಚೀಟಿಯ ದರಕ್ಕೇ ಮಾರುವ ಅಂಗಡಿಗೆ ಮಾರಾಟದ ಮೇಲೆ 25% ಬರುವುದಿಲ್ಲ, ಕಂಡ ಕೂಡಲೇ ಅನುಮಾನ ಬರಬೇಕು. ಆರಂಭದ ರಿಸರ್ವ್ ಬಿಡಿಸಲು ಮರೆತರೆ 6,34,000, ಅಂದರೆ 17.9%ಗೆ ಇಳಿಯುತ್ತದೆ. ಎರಡನ್ನೂ ಮರೆತವರ ತಪ್ಪು ಬರೀ 70,000 ಆಗಿ, ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಸ್ಟಾಕ್ ಪ್ರತಿವರ್ಷ ಹೆಚ್ಚುಕಮ್ಮಿ ಅಷ್ಟೇ ಇರುವ ಅಂಗಡಿಗಳಲ್ಲಿ ರಿಸರ್ವ್ ಇಡದೆಯೇ ವರ್ಷಗಟ್ಟಲೆ ನಡೆಯುವುದು ಇದೇ ಕಾರಣಕ್ಕೆ. ಅಲ್ಲಿ ಬ್ಯಾಲೆನ್ಸ್ ಶೀಟಿನ ಸ್ಟಾಕ್ ಮಾತ್ರ ಪ್ರತಿವರ್ಷ ಉಬ್ಬಿಯೇ ಇರುತ್ತದೆ, ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನಲ್ಲೂ ಅದೇ ಅಂಕಿ ಹೋಗುತ್ತದೆ.

ಬ್ಯಾಲೆನ್ಸ್ ಶೀಟಿನಲ್ಲಿ ಬ್ರಾಂಚ್ ಸ್ಟಾಕ್ 6,50,000, ಕಳೆ ರಿಸರ್ವ್ 1,30,000, ನಿವ್ವಳ 5,20,000 ಎಂದು ಬರೆಯಿರಿ. ದಾರಿಯ ಸರಕನ್ನು ಪ್ರತ್ಯೇಕವಾಗಿ 2,00,000, ಕಳೆ 40,000, ನಿವ್ವಳ 1,60,000.

ದರ ಬದಲಾದ ವರ್ಷ, ಹಳೇ ಡಿಸೈನು, ಜಿಎಸ್‌ಟಿ

ವರ್ಷದ ನಡುವೆ ಲೋಡಿಂಗ್ 25%ದಿಂದ 33⅓%ಗೆ ಏರಿಸಿದರೆ ಕೊನೆಯ ಸ್ಟಾಕಿಗೆ ಒಂದೇ ಭಾಗ ಹಾಕುವಂತಿಲ್ಲ. ಹಳೇ ದರದ 1,00,000 ರೂಪಾಯಿ ಸ್ಟಾಕಿನಲ್ಲಿ ಲೋಡಿಂಗ್ 20,000, ಹೊಸ ದರದ ಅಷ್ಟೇ ಸ್ಟಾಕಿನಲ್ಲಿ 25,000. ಎಣಿಸುವಾಗ ಬೇರೆ ಮಾಡಬೇಕೆಂದರೆ ಚೀಟಿಯ ಮೇಲೆ ಮೊದಲೇ ಗುರುತು ಇರಬೇಕು. ದರ ಬದಲಾದ ದಿನದಿಂದ ಚೀಟಿಗೆ ಬೇರೆ ಅಕ್ಷರ ಹಾಕಿಸಿ. ಬ್ರಾಂಚಿನವರಿಗೆ ಅದರ ಅರ್ಥ ಗೊತ್ತಿರಬೇಕಿಲ್ಲ, ಎರಡು ರಾಶಿ ಮಾಡಿ ಎಣಿಸಿದರೆ ಸಾಕು.

ಲೋಡಿಂಗ್ ತೆಗೆದ ಮಾತ್ರಕ್ಕೆ ಸ್ಟಾಕಿನ ಬೆಲೆ ಸರಿಯಾಯಿತು ಎಂದೂ ಅಲ್ಲ. ಲೆಕ್ಕಪತ್ರ ಮಾನದಂಡ 2ರ ಪ್ರಕಾರ ಸ್ಟಾಕನ್ನು ಅಸಲು ಅಥವಾ ಮಾರಿದರೆ ಖರ್ಚು ಕಳೆದು ಕೈಗೆ ಬರುವ ಬೆಲೆ, ಎರಡರಲ್ಲಿ ಕಡಿಮೆಯದರಲ್ಲಿ ತೋರಿಸಬೇಕು. ಚೀಟಿಯಲ್ಲಿ 1,000 ಇರುವ ಹಳೇ ಡಿಸೈನಿನ ಸೀರೆಗೆ ಈಗ ಖರ್ಚು ಕಳೆದು 700 ಮಾತ್ರ ಬರುವಂತಿದ್ದರೆ, ರಿಸರ್ವಿನ 200 ಕಳೆದು 800ಕ್ಕೆ ನಿಲ್ಲಿಸಬಾರದು. ಇನ್ನೂ 100 ಇಳಿಸಬೇಕು, ಆ 100 ಮಾತ್ರ ನಿಜವಾದ ನಷ್ಟ. ಇದೇ ಮಾನದಂಡ ಸರಕನ್ನು ಆ ಜಾಗಕ್ಕೆ ಮುಟ್ಟಿಸಿದ ಖರ್ಚನ್ನೂ ಅಸಲಿಗೆ ಸೇರಿಸುತ್ತದೆ. ಗದಗದವರೆಗಿನ ಲಾರಿ ಬಾಡಿಗೆ, ಹಮಾಲಿ ಸೀರೆಗೆ 10 ರೂಪಾಯಿ ಬಿದ್ದಿದ್ದರೆ ಉಳಿದ ಸೀರೆಯ ಅಸಲು 810. ಲೋಡಿಂಗ್ ಮಾತ್ರ ಆಗಲೂ 200. ಮೇಲಿನ ಲೆಕ್ಕ ಸರಳವಾಗಿರಲೆಂದು ಅಲ್ಲಿ ಬಾಡಿಗೆ-ಹಮಾಲಿ ಹಿಡಿದಿಲ್ಲ.

ಹುಬ್ಬಳ್ಳಿ, ಗದಗ ಎರಡೂ ಕರ್ನಾಟಕದಲ್ಲೇ ಒಂದೇ ಜಿಎಸ್‌ಟಿ ನೋಂದಣಿಯ ಕೆಳಗಿದ್ದರೆ ಸರಕು ಕಳಿಸುವುದು ಮಾರಾಟವಲ್ಲ, ಡೆಲಿವರಿ ಚಲನ್ ಮೇಲೆ ಹೋಗುತ್ತದೆ. ಬ್ರಾಂಚಿಗೆ ಬೇರೆ ನೋಂದಣಿ ಇದ್ದರೆ ತೆರಿಗೆ ಹಾಕಿದ ಇನ್‌ವಾಯ್ಸ್ ಬೇಕು. ಆಗ ಲೋಡಿಂಗಿನ ಭಾಗವನ್ನು ತೆರಿಗೆಗೆ ಮುಂಚಿನ ಬೆಲೆಯ ಮೇಲೆ ತೆಗೆಯಿರಿ, ಬಿಲ್ಲಿನ ಕೊನೆಯ ಮೊತ್ತದ ಮೇಲಲ್ಲ.

ಏಪ್ರಿಲ್ 1ರ ನಮೂದು

ಪಾರ್ಸಲ್ ಗದಗ ಮುಟ್ಟಿದ ದಿನ ಬ್ರಾಂಚ್ ಸ್ಟಾಕ್ ಖಾತೆಗೆ 2,00,000 ಡೆಬಿಟ್, ದಾರಿಯಲ್ಲಿರುವ ಸರಕಿಗೆ ಕ್ರೆಡಿಟ್. ಅದನ್ನು ಹೊಸದಾಗಿ ಕಳಿಸಿದ ಸರಕು ಎಂದು ಬರೆಯಬಾರದು. ಬರೆದರೆ ಅದರ 40,000 ಲೋಡಿಂಗ್ ಎರಡನೇ ಸಲ ಅಡ್ಜಸ್ಟ್‌ಮೆಂಟ್ ಖಾತೆಗೆ ಬರುತ್ತದೆ. ಸ್ಟಾಕ್ ರಿಸರ್ವ್ 1,70,000 ಬ್ಯಾಲೆನ್ಸ್ ಶೀಟಿನ ಬಾಕಿಯಾಗಿಯೇ ಹೊಸ ವರ್ಷಕ್ಕೆ ಸಾಗಬೇಕು. ಕಂಪ್ಯೂಟರಿನಲ್ಲಿ ಲೆಡ್ಜರ್ ತೆರೆಯುವಾಗ ಅದನ್ನು ಖರ್ಚು ಅಥವಾ ಆದಾಯದ ಗುಂಪಿಗೆ ಸೇರಿಸಿದ್ದರೆ ವರ್ಷ ದಾಟುತ್ತಲೇ ಅದರ ಬಾಕಿ ಸೊನ್ನೆಯಾಗಿರುತ್ತದೆ, ಮುಂದಿನ ಮಾರ್ಚಿನಲ್ಲಿ ಬಿಡಿಸಲು ಏನೂ ಇರುವುದಿಲ್ಲ. ಏಪ್ರಿಲ್ ಮೊದಲ ವಾರದಲ್ಲಿ ಆ ಲೆಡ್ಜರ್ ತೆರೆದು, ಆರಂಭದ ಕ್ರೆಡಿಟ್ ಬಾಕಿ 1,70,000 ಇದೆಯೇ, ಅದು 8,50,000ದ ಸರಿಯಾಗಿ ಐದನೇ ಒಂದು ಭಾಗವೇ ಎಂದು ನೋಡಿಕೊಳ್ಳಿ.